ಮುದಿ ನಾಯಿಯ ಆರೈಕೆ: ತಡವರಿಸುವುದು ಕಾಲೋ, ಕಣ್ಣೋ?

ನಾಯಿಗೆ ಹತ್ತು ವರ್ಷ ಕಳೆಯಿತೆಂದರೆ ಮುಪ್ಪು ಅದರ ಕೀಲುಗಳನ್ನೂ ಕಣ್ಣುಗಳನ್ನೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಹಿಡಿಯುವುದುಂಟು. ಇವೆರಡರಲ್ಲಿ ಒಂದೊಂದೇ ಬಂದರೆ ಮನೆಯವರಿಗೆ ಬೇಗ ತಿಳಿಯುವುದು. ಎರಡೂ ಜೊತೆಗೂಡಿ ಬಂದಾಗ ಒಂದರ ಲಕ್ಷಣವು ಮತ್ತೊಂದನ್ನು ಮರೆಸಿಬಿಡುವುದು. ಮೆಟ್ಟಿಲ ಬಳಿ ನಿಂತುಬಿಟ್ಟ ನಾಯಿಯನ್ನು ಕಂಡು ‘ಕಾಲು ನೋವು’ ಎಂದು ಒಬ್ಬರೂ, ‘ಕಣ್ಣು ಕಾಣದು’ ಎಂದು ಇನ್ನೊಬ್ಬರೂ ಹೇಳುವರು. ಯಾವುದು ಎಷ್ಟರಮಟ್ಟಿಗೆ ಎಂಬುದನ್ನು ಬೇರ್ಪಡಿಸಿ ನೋಡದೆ ಆರೈಕೆಗೆ ಕೈಹಾಕಿದರೆ ಶ್ರಮವೆಲ್ಲ ವ್ಯರ್ಥವಾಗುವುದು. ಈ ತಿಂಗಳು ನಾವು ಹೇಳಬೇಕೆಂದಿರುವುದು ಈ ಒಂದು ವಿಷಯವನ್ನೇ.

ಮೈಸೂರಿನಿಂದ ನಮ್ಮ ವಾಚಕಿಯರಾದ ಗೃಹಿಣಿಯೊಬ್ಬರು ಬರೆದ ಪತ್ರವೇ ಇದಕ್ಕೆ ನಿಮಿತ್ತವಾಯಿತು. ಅವರ ಮನೆಯಲ್ಲಿ ಚಂಪಾ ಎಂಬ ಹನ್ನೆರಡು ವರ್ಷದ ಹೆಣ್ಣು ಲ್ಯಾಬ್ರಡಾರ್ ನಾಯಿಯಿದೆ. ಬೆಳಿಗ್ಗೆ ಏಳುವುದಕ್ಕೆ ಕಷ್ಟಪಡುತ್ತದೆ. ಸಂಜೆಯಾದರೆ ಮಹಡಿಯಿಂದ ಇಳಿಯದೆ ಅಳುತ್ತದೆ. ಕಣ್ಣುಗಳಲ್ಲಿ ನೀಲಿ ಮಂಜು ಕವಿದಿದೆ. ಮಲಗಿದ್ದಾಗ ಹಿಂದಿನಿಂದ ಅಪ್ಪಿಕೊಂಡ ಆರು ವರ್ಷದ ಮೊಮ್ಮಗನ ಮೇಲೆ ಒಮ್ಮೆ ಗುರುಗುಟ್ಟಿ ಹಲ್ಲು ತೋರಿಸಿತು. “ಮನೆಯ ಹಿರಿಯರು, ‘ಅದರ ಬುದ್ಧಿಯೂ ಕೆಟ್ಟಿತು, ದೇಹವೂ ಸೋತಿತು, ಇನ್ನು ಡಾಕ್ಟರಿಗೆ ಹೇಳಿ ಬಿಡುಗಡೆ ಕೊಡಿಸಿಬಿಡಿ’ ಎನ್ನುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ಅದು ನರಳುವುದನ್ನು ನೋಡುತ್ತ ಕೂಡುವುದೂ ಪಾಪವಲ್ಲವೇ?” ಎಂದು ಅವರು ಕೇಳಿದ್ದರು. ಅವರ ಅನುಮತಿಯಿಂದ ಆ ನಾಯಿಯ ವೃತ್ತಾಂತವನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳುವೆವು.

ಮೊದಲು ಕೀಲಿನ ಮಾತು. ಕೀಲಿನಲ್ಲಿ ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಯು ಸವೆದಾಗ ಒಳಗೆ ಉರಿಯೂತವೆದ್ದು, ಕಾಲಕ್ರಮದಲ್ಲಿ ಅಂಚಿನಲ್ಲಿ ಹೊಸ ಎಲುಬು ಬೆಳೆದು, ಕೀಲು ಬಿಗಿಯುವುದು. ಇದೇ ಸಂಧಿವಾತ. ಭಾರಿ ಮೈಯ ನಾಯಿಗಳಲ್ಲಿ ಸೊಂಟ, ಮಂಡಿ, ಮುಂಗಾಲಿನ ಮೊಣಕೈ ಇವುಗಳಿಗೆ ಇದು ಹೆಚ್ಚು. ನಾಯಿಯು ಈ ನೋವಿಗೆ ಕೂಗುವುದು ಅಪರೂಪವಾದುದರಿಂದ ‘ಅಳುವುದಿಲ್ಲ, ನೋವಿಲ್ಲ’ ಎಂದು ಭಾವಿಸಲಾಗದು. ನೋವಿನ ಗುರುತು ನಡೆಯಲ್ಲಿದೆ. ಬಹಳ ಹೊತ್ತು ಮಲಗಿ ಎದ್ದಾಗ ಮೈ ಬಿಗಿದಿದ್ದು, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದು ಮುಖ್ಯ ಲಕ್ಷಣ. ಮೆಟ್ಟಿಲನ್ನು ಹತ್ತುವಾಗ ಎರಡು ಹಿಂಗಾಲುಗಳನ್ನೂ ಕೂಡಿಸಿ ಮೊಲದಂತೆ ಕುಪ್ಪಳಿಸುವುದು, ಹಿಂದೊಡೆಯ ಮಾಂಸ ಕರಗುವುದು, ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ನಡೆಯುವಾಗ ಉಗುರು ನೆಲಕ್ಕೆ ಉಜ್ಜಿ ಸದ್ದಾಗುವುದು ಉಳಿದ ಗುರುತುಗಳು. ಇವು ಹಗಲಾಗಲಿ ಇರುಳಾಗಲಿ ಒಂದೇ ಬಗೆಯಾಗಿರುವುವು. ಬೆಳಕಿಗೂ ಇವಕ್ಕೂ ಸಂಬಂಧವಿಲ್ಲ.

ಕಣ್ಣಿನ ತೊಂದರೆಯಾದರೋ ಬಹುಮಟ್ಟಿಗೆ ಬೆಳಕನ್ನು ಅನುಸರಿಸುವುದು. ಹಗಲಿನಲ್ಲಿ ಸರಾಗವಾಗಿ ಇಳಿಯುವ ನಾಯಿ ಸಂಜೆ ಮೇಲಿನ ಮೆಟ್ಟಿಲಲ್ಲೇ ನಿಂತು ಮುಂಗಾಲಿನಿಂದ ಗಾಳಿಯನ್ನು ತಡವಿದರೆ, ದೀಪ ಹಾಕಿದೊಡನೆ ಇಳಿದು ಬಂದರೆ, ದೋಷವು ಕಣ್ಣಿನದು. ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ನಾಯಿಯ ಮುಂದೆ, ಒಂದು ಮೊಳ ದೂರದಲ್ಲಿ, ಒಂದು ಹತ್ತಿಯ ಉಂಡೆಯನ್ನು ಮೇಲಿನಿಂದ ಬಿಡಬೇಕು. ಹತ್ತಿಗೆ ಸದ್ದಿಲ್ಲ, ವಾಸನೆಯೂ ಅತ್ಯಲ್ಪ; ಆದುದರಿಂದ ತಲೆಯು ಅದರೊಡನೆ ತಿರುಗಿದರೆ ಕಂಡಿತೆಂದೇ ಅರ್ಥ. ಇದನ್ನು ಮೊದಲು ಬಿಸಿಲಿನ ಬೆಳಕಿನಲ್ಲಿಯೂ ಆಮೇಲೆ ಮಬ್ಬಿನಲ್ಲಿಯೂ, ಎಡಕ್ಕೂ ಬಲಕ್ಕೂ ಮಾಡಿನೋಡಬೇಕು. ಕಣ್ಣ ಮುಂದೆ ಕೈ ಬೀಸಿ ನೋಡುವ ರೂಢಿ ಸರಿಯಲ್ಲ. ಕುರುಡು ನಾಯಿಯೂ ಬೀಸಿದ ಕೈಯ ಗಾಳಿ ತಾಗಿ ರೆಪ್ಪೆ ಮಿಟುಕಿಸುವುದು. ಎರಡು ಮೂರು ಸಲಕ್ಕೆ ಬೇಸತ್ತು ನಾಯಿ ನೋಡದೆ ಇರುವುದೂ ಉಂಟು. ಆಗ ಮರುದಿನ ಮಾಡುವುದು ಲೇಸು.

ನಾವು ಆ ಗೃಹಿಣಿಯವರಿಗೆ ಮೊದಲು ಸೂಚಿಸಿದುದು ಏಳು ದಿನಗಳ ದಿನಚರಿ. ಒಂದು ನೋಟುಬುಕ್ಕಿನಲ್ಲಿ ಹೊತ್ತು, ಬೆಳಕು, ನಾಯಿ ಮಾಡಿದುದು ಎಂಬ ಮೂರು ಅಂಕಣಗಳು, ಅಷ್ಟೆ. ವಾರದ ಕೊನೆಗೆ ಅವರು ಬರೆದುದು ಹೀಗಿತ್ತು: ಬೆಳಿಗ್ಗೆ ಆರೂವರೆಗೆ, ಒಳ್ಳೆಯ ಬೆಳಕಿನಲ್ಲಿ, ಚಂಪಾ ಮೂರನೆಯ ಯತ್ನಕ್ಕೆ ಎದ್ದಿತು, ಹಿತ್ತಿಲ ಬಾಗಿಲು ಸೇರುವ ಹೊತ್ತಿಗೆ ನಡೆ ಸುಧಾರಿಸಿತು. ಹಗಲು ಮಹಡಿಯನ್ನು ಕುಪ್ಪಳಿಸಿ ಹತ್ತಿತು, ನಿಧಾನವಾಗಿ ಇಳಿಯಿತು. ಸಂಜೆ ಆರೂವರೆಯ ಮೇಲೆ ಇಳಿಯಲಿಲ್ಲ. ದೀಪ ಹಾಕಿದಾಗ ಹಗಲಿನಂತೆಯೇ ನಿಧಾನವಾಗಿ ಇಳಿಯಿತು. ಹತ್ತಿಯನ್ನು ಬಿಸಿಲಿನಲ್ಲಿ ಎರಡು ಕಡೆಗಳಲ್ಲಿಯೂ ನೋಡಿತು. ಮಬ್ಬಿನಲ್ಲಿ ನೋಡಲೇ ಇಲ್ಲ. ಇದರಿಂದ ಎರಡೂ ತೊಂದರೆಗಳು ಇರುವುವೆಂದೂ, ಬೆಳಗಿನ ಕಷ್ಟ ಕೀಲಿನದು, ಸಂಜೆಯ ಅಳು ಕಣ್ಣಿನದು ಎಂದೂ ಬೇರ್ಪಟ್ಟಿತು.

ಈ ಟಿಪ್ಪಣಿಯನ್ನೂ, ಬೆಳಿಗ್ಗೆ ಏಳುವಾಗ ಫೋನಿನಲ್ಲಿ ತೆಗೆದ ಎರಡು ನಿಮಿಷದ ಚಿತ್ರವನ್ನೂ ಅವರು ಪಶುವೈದ್ಯರ ಬಳಿಗೆ ಕೊಂಡೊಯ್ದರು. ಇದು ಬಹಳ ಉಪಯುಕ್ತ. ಏಕೆಂದರೆ ಹೊಸ ಸ್ಥಳದ ಉದ್ವೇಗದಲ್ಲಿ ನಾಯಿಯು ತನ್ನ ಕುಂಟನ್ನು ಮರೆತು ನೆಟ್ಟಗೆ ನಡೆದುಬಿಡುವುದು. ವೈದ್ಯರು ನೋಡಿ, ಮನೆಯವರು ಮೋತಿಬಿಂದುವೆಂದು ತಿಳಿದಿದ್ದ ನೀಲಿ ಮಂಜು ಮೋತಿಬಿಂದುವಲ್ಲವೆಂದರು. ವಯಸ್ಸಾದ ನಾಯಿಗಳ ಕಣ್ಣಿನ ಮಸೂರವು ಗಟ್ಟಿಯಾಗುತ್ತ ಬಂದು ಹೀಗೆ ನೀಲಿಯಾಗಿ ತೋರುವುದು. ಅದರಿಂದ ದೃಷ್ಟಿ ಹೆಚ್ಚಾಗಿ ಕೆಡದು, ಚಿಕಿತ್ಸೆಯೂ ಬೇಡ. ಮೋತಿಬಿಂದುವಾದರೆ ಬಣ್ಣ ಹಾಲಿನಂತೆ ಬಿಳಿ, ಬೆಳಕು ಅದನ್ನು ದಾಟದು; ಅದಕ್ಕೆ ಶಸ್ತ್ರಚಿಕಿತ್ಸೆಯುಂಟು. ಚಂಪಾಳ ಇರುಳುಗುರುಡಿಗೆ ಕಾರಣ ಕಣ್ಣಿನ ಹಿಂಬದಿಯ ಅಕ್ಷಿಪಟಲದ ಸವೆತ. ಇದರಲ್ಲಿ ಮಬ್ಬಿನ ನೋಟ ಮೊದಲು ಹೋಗಿ, ಹಗಲಿನ ನೋಟ ಮೆಲ್ಲಮೆಲ್ಲನೆ ಹಿಂಬಾಲಿಸುವುದು. ನೋವಿಲ್ಲ, ಆದರೆ ತಡೆಯುವ ಔಷಧವೂ ಇಲ್ಲ. ಹೀಗೆ ಕಣ್ಣು ಹಿಂದಿರುಗದೆಂದೂ ಕೀಲಿನ ನೋವು ತಗ್ಗಬಹುದೆಂದೂ ತಿಳಿದ ಮೇಲೆ, ಯಾವುದಕ್ಕೆ ಹಣ, ಯಾವುದಕ್ಕೆ ಏರ್ಪಾಡು ಎಂಬುದು ತಾನಾಗಿಯೇ ನಿರ್ಧಾರವಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕಣ್ಣು ಕೆಂಪಾಗಿ, ನೀರು ಸುರಿದು, ನಾಯಿಯು ಅದನ್ನು ಮುಚ್ಚಿಕೊಂಡು ತಲೆ ಮುಟ್ಟಿಸಿಕೊಳ್ಳದಿದ್ದರೆ, ಕಣ್ಣಿನೊಳಗಿನ ಒತ್ತಡವೇರುವ ಗ್ಲಾಕೋಮ ಇರಬಹುದು. ಅದು ಅತಿ ನೋವಿನದು. ಅದೇ ದಿನವೇ ವೈದ್ಯರಿಗೆ ತೋರಿಸತಕ್ಕದ್ದು. ನೋಟವು ಒಂದೆರಡು ದಿನದಲ್ಲಿ ಥಟ್ಟನೆ ಹೋದರೂ ಹಾಗೆಯೇ. ವಿಪರೀತ ನೀರು ಕುಡಿಯುತ್ತ ಮೂತ್ರ ಹೆಚ್ಚಾಗಿ, ಜೊತೆಗೆ ಕಣ್ಣು ಬೆಳ್ಳಗಾಗುತ್ತ ಬಂದರೆ ಮಧುಮೇಹವನ್ನು ಶಂಕಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನು ಮನೆಯೊಳಗಿನ ಏರ್ಪಾಡು. ಎರಡು ತೊಂದರೆಗಳಿಗೂ ಒಂದೇ ಕಡೆಯಿಂದ ಸಹಾಯ ದೊರೆಯುವುದಾದರೆ ಅದು ನೆಲದಿಂದ. ನಮ್ಮ ಮನೆಗಳ ಕೆಂಪು ಗಾರೆ, ಗ್ರಾನೈಟ್, ಟೈಲ್ಸ್ ಇವೆಲ್ಲ ನುಣ್ಣಗಿರುವುವು. ಸಂಧಿವಾತದ ನಾಯಿಯ ಹಿಂಗಾಲುಗಳು ಅಲ್ಲಿ ಅತ್ತಿತ್ತ ಜಾರುವುವು. ಜಾರಿದಾಗ ಕೀಲು ಎಳೆದು ನೋವಾಗುವುದು. ನೋವಿಗೆ ಹೆದರಿ ನಾಯಿ ನಡೆಯುವುದನ್ನೇ ಬಿಡುವುದು. ನಡೆಯದ ಕಾಲಿನ ಮಾಂಸ ಕರಗಿ ಕೀಲಿಗೆ ಆಸರೆ ಇನ್ನೂ ಕಡಿಮೆಯಾಗುವುದು. ಕಣ್ಣು ಕಾಣದ ನಾಯಿಗೆ ಅದೇ ನೆಲ, ಎಲ್ಲೆಡೆಯೂ ಒಂದೇ ಸಮನಾಗಿ, ತಾನೆಲ್ಲಿರುವೆನೆಂಬುದನ್ನು ತಿಳಿಸದು. ಆದುದರಿಂದ ಹಾಸಿಗೆಯಿಂದ ನೀರಿಗೆ, ನೀರಿನಿಂದ ಊಟಕ್ಕೆ, ಅಲ್ಲಿಂದ ಹಿತ್ತಿಲ ಬಾಗಿಲಿಗೆ ಒಂದೂವರೆ ಎರಡು ಅಡಿ ಅಗಲದ ಹಾಸುದಾರಿಯನ್ನು ಮಾಡಬೇಕು. ಅಡಿಯಲ್ಲಿ ರಬ್ಬರು ಇರುವ ಚಾಪೆ, ಹಳೆಯ ಯೋಗಾಸನದ ಚಾಪೆ, ಯಾವುದಾದರೂ ಆದೀತು. ಜಮಖಾನವನ್ನು ಹಾಗೆಯೇ ಹಾಸಬಾರದು; ಅದು ನಾಯಿಯ ಭಾರಕ್ಕೆ ತಾನೇ ಜಾರಿ, ಬರಿಯ ನೆಲಕ್ಕಿಂತ ಕೆಡುಕು ಮಾಡುವುದು.

ಈ ದಾರಿಯಲ್ಲಿ ಎಲ್ಲಿ ಅಪಾಯವಿದೆಯೋ ಅಲ್ಲಿ, ಎಂದರೆ ಮೆಟ್ಟಿಲಿನ ಮುಂದೆಯೂ ಹೊಸ್ತಿಲಿನ ಎರಡು ಪಕ್ಕಗಳಲ್ಲಿಯೂ, ಒರಟಾದ ತೆಂಗಿನ ನಾರಿನ ಕಾಲೊರಸನ್ನು ಹಾಕಬೇಕು. ಪಾದಕ್ಕೆ ನಾರು ಚುಚ್ಚಿದರೆ ‘ಮುಂದೆ ಏರುತಗ್ಗು’ ಎಂದು ನಾಯಿ ಕಲಿತುಕೊಳ್ಳುವುದು. ಕೊರಳಪಟ್ಟಿ ಹಿಡಿದು, ಪ್ರತಿ ನಾರಿನ ಹಾಸಿನ ಮೇಲೂ ‘ನಿಲ್ಲು’ ಎಂದು ಒಂದೇ ಮಾತು ಹೇಳಿ ನಿಲ್ಲಿಸಿ, ಆಮೇಲೆ ದಾಟಿಸಬೇಕು. ಚಂಪಾ ಇದನ್ನು ಸುಮಾರು ಹತ್ತು ದಿನಗಳಲ್ಲಿ ಕಲಿಯಿತು. ಹೊಸ್ತಿಲು ಎತ್ತರವಾಗಿದ್ದರೆ ಎರಡು ಅಡಿ ಉದ್ದದ ಹಲಗೆಯನ್ನು ಓರೆಯಾಗಿ ಕೊಟ್ಟು, ಅದರ ಮೇಲೆ ಚಾಪೆಯ ತುಂಡನ್ನು ಮೊಳೆಯ ತಲೆ ಹೊರಕ್ಕೆ ಬಾರದಂತೆ ಬಡಿಯಬೇಕು. ಮಹಡಿಯ ಮೆಟ್ಟಿಲಿಗೆ ಸಣ್ಣ ಗೇಟು ಹಾಕಿ ನಾಯಿಯ ವಾಸವನ್ನು ಕೆಳಗೇ ಗೊತ್ತುಮಾಡುವುದು ಉತ್ತಮ. ಹಾಸಿಗೆಯು ಓಡಾಟದ ದಾರಿಯಲ್ಲಿರದೆ ಮೂಲೆಯಲ್ಲಿ, ಎರಡು ಪಕ್ಕ ಗೋಡೆಯಿರುವಲ್ಲಿ ಇರಲಿ. ಮಡಿಸಿದ ಗೋಣಿಚೀಲ ಸಾಲದು. ಕೈಯೂರಿ ಒತ್ತಿದರೆ ನೆಲ ಸಿಕ್ಕದಷ್ಟು ದಪ್ಪವಿರಬೇಕು. ಇಲ್ಲದಿದ್ದರೆ ಮೊಣಕೈಗಳ ಮೇಲೆ ಜಡ್ಡುಕಟ್ಟಿ ಹುಣ್ಣಾಗುವುದು. ನೀರನ್ನು ಎರಡು ಕಡೆಗಳಲ್ಲಿಡಿ. ನಡೆಯಲು ನೋವಿರುವ ನಾಯಿ ಬಾಯಾರಿದ್ದರೂ ಎದ್ದುಹೋಗದೆ ಇರುವುದುಂಟು. ಉಗುರನ್ನು ಕತ್ತರಿಸಿ, ಪಾದದ ಮೆತ್ತೆಗಳ ನಡುವಣ ಕೂದಲನ್ನು ಕತ್ತರಿಯಿಂದ ಚಿಕ್ಕದು ಮಾಡಿದರೆ ಹಿಡಿತ ಇನ್ನೂ ಹೆಚ್ಚುವುದು.

ನಡಿಗೆಯನ್ನು ನಿಲ್ಲಿಸಬಾರದು, ಹಂಚಬೇಕು. ವಾರವೆಲ್ಲ ಮಲಗಿಸಿ ಭಾನುವಾರ ಒಂದು ಗಂಟೆ ಸುತ್ತಿಸುವುದು ಕೀಲಿಗೆ ಶತ್ರು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ, ಅದೇ ದಾರಿಯಲ್ಲಿ, ಹಗ್ಗ ಹಿಡಿದು ನಡೆಸುವುದು ಹಿತ. ಇರುಳುಗುರುಡಿನ ನಾಯಿಗೆ ಕೊನೆಯ ನಡಿಗೆ ಹೊತ್ತು ಮುಳುಗುವ ಮೊದಲೇ ಮುಗಿಯಲಿ. ಬೆಳಿಗ್ಗೆ ಹೊರಡುವ ಮುಂಚೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು, ನಮ್ಮ ಮಣಿಕಟ್ಟಿನ ಮೇಲಿಟ್ಟು ಬಿಸಿಯನ್ನು ಪರೀಕ್ಷಿಸಿ, ಸೊಂಟದ ಮೇಲೆ ಹತ್ತು ನಿಮಿಷ ಶಾಖ ಕೊಟ್ಟರೆ ಬಿಗಿತ ಸಡಿಲುವುದು. ನಡಿಗೆ ಹೆಚ್ಚಾಯಿತೋ ಇಲ್ಲವೋ ಎಂಬುದಕ್ಕೆ ಮರುದಿನ ಬೆಳಿಗ್ಗೆಯೇ ಸಾಕ್ಷಿ: ಏಳುವುದು ಎಂದಿಗಿಂತ ಕಷ್ಟವಾದರೆ ಅಂದಿನ ನಡಿಗೆಯನ್ನು ಅರ್ಧಕ್ಕಿಳಿಸತಕ್ಕದ್ದು.

ಊಟದ ಮಾತನ್ನು ನಮ್ಮ ತಾಯಂದಿರು ಕಹಿಯೆಂದು ತಿಳಿಯಬಾರದು. ಚಂಪಾ 34 ಕಿಲೋ ತೂಗುತ್ತಿತ್ತು. ಅದಕ್ಕೆ ತಕ್ಕ ತೂಕ 29 ಎಂದು ವೈದ್ಯರು ಹೇಳಿದರು. ಸಂಧಿವಾತದ ಸ್ಥೂಲ ನಾಯಿಗಳಲ್ಲಿ ತೂಕ ನೂರಕ್ಕೆ ಆರರಿಂದ ಎಂಟರಷ್ಟು ಇಳಿದರೂ ಕುಂಟು ಕಣ್ಣಿಗೆ ಕಾಣುವಂತೆ ತಗ್ಗುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ಚಂಪಾಳಿಗೆ ಅದು ಎರಡು, ಎರಡೂವರೆ ಕಿಲೋ ಮಾತ್ರ. 29 ಕಿಲೋ ತೂಕವನ್ನು ಗುರಿಯಿಟ್ಟುಕೊಂಡ ನಾಯಿಗೆ ದಿನಕ್ಕೆ ಸುಮಾರು 875 ಕ್ಯಾಲೊರಿಯಿಂದ ಆರಂಭಿಸಬಹುದು. ಲೆಕ್ಕ ನೋಡಲಾಗಿ ನಾಯಿಯ ಬಟ್ಟಲಿನ ಊಟವೇನೂ ಅತಿಯಾಗಿರಲಿಲ್ಲ. ಆದರೆ ಮನೆಯ ಐವರೂ ತಾವು ತಿನ್ನುವಾಗ ಒಂದೊಂದು ತುಪ್ಪದ ಚಪಾತಿಯನ್ನು ಅದರ ಬಾಯಿಗೆ ಹಾಕುತ್ತಿದ್ದರು. ತುಪ್ಪ ಸವರಿದ ಚಪಾತಿಯೊಂದರಲ್ಲಿ ನೂರಕ್ಕೆ ಮೀರಿದ ಕ್ಯಾಲೊರಿ. ಐದು ಸೇರಿದರೆ ದಿನದ ಊಟದ ಅರ್ಧಕ್ಕಿಂತ ಹೆಚ್ಚು! ಚಪಾತಿಯ ಬದಲು ಬೇಯಿಸಿದ ಹುರುಳಿಕಾಯಿ, ಸೌತೆಕಾಯಿಯ ತುಂಡು ಕೊಡುವಂತಾಯಿತು. ತೂಕ ವಾರಕ್ಕೆ ಮುನ್ನೂರು ಗ್ರಾಂನಷ್ಟು ಇಳಿದರೆ ಸಾಕು. ಬಹು ಬೇಗ ಇಳಿದರೆ ಕೊಬ್ಬಿನ ಜೊತೆಗೆ ಮಾಂಸವೂ ಕರಗುವುದು.

ಔಷಧದಲ್ಲಿ ನಾವು ಕೈಮುಗಿದು ಹೇಳುವುದು ಇಷ್ಟೆ: ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ನಾಯಿಯ ಜಠರದಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಹಾನಿಯನ್ನೂ ಮಾಡುವುವು; ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತನ್ನು ಕೆಡಿಸುವುದು. ಪಶುವೈದ್ಯರು ಕೊಡುವ ಮೆಲಾಕ್ಸಿಕಾಮ್ ಮನುಷ್ಯರಿಗೂ ಉಂಟಲ್ಲವೆ ಎನ್ನುವವರಿಗೆ ಲೆಕ್ಕವೇ ಉತ್ತರ. ನಾಯಿಗೆ ನಿತ್ಯದ ಅಳತೆ ಕಿಲೋ ಒಂದಕ್ಕೆ 0.1 ಮಿಲಿಗ್ರಾಂ, 34 ಕಿಲೋ ನಾಯಿಗೆ 3.4 ಮಿಲಿಗ್ರಾಂ. ಅಂಗಡಿಯ 15 ಮಿಲಿಗ್ರಾಂ ಮಾತ್ರೆಯೊಂದು ಅದರ ನಾಲ್ಕು ಪಾಲನ್ನೂ ಮೀರುವುದು. ಸರಿಯಾದ ಅಳತೆಯನ್ನು ಕೂಡ ವೈದ್ಯರು ಮೂತ್ರಪಿಂಡ, ಯಕೃತ್ತುಗಳ ರಕ್ತಪರೀಕ್ಷೆ ಮಾಡಿಸಿ ಗೊತ್ತುಮಾಡಬೇಕು. ಮಾತ್ರೆಯನ್ನು ಊಟದೊಡನೆಯೇ ಕೊಡಬೇಕು. ವಾಂತಿ, ಕಪ್ಪು ಮಲ, ಊಟ ಬೇಡವೆನ್ನುವುದು ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸತಕ್ಕದ್ದು.

ಮೊಮ್ಮಗನ ಮೇಲೆ ಗುರುಗುಟ್ಟಿದ ವಿಷಯ ಉಳಿಯಿತು. ಬುದ್ಧಿ ಕೆಟ್ಟಿತೆಂಬ ಮಾತಿಗೆ ಇದೇ ಆಧಾರವಾಗಿತ್ತು. ಆದರೆ ನೋಡಿ: ಕಾಣದ ಕಡೆಯಿಂದ, ನಿದ್ರೆಯಲ್ಲಿ, ನೋಯುವ ಸೊಂಟದ ಮೇಲೆಯೇ ಹುಡುಗನ ಭಾರ ಬಿದ್ದಿತು. ಸೌಮ್ಯವಾದ ನಾಯಿಯೂ ಹಾಗೆ ಎಚ್ಚೆತ್ತರೆ ಹಲ್ಲು ತೋರಿಸುವುದು. ಮಲಗಿದ ನಾಯಿಯನ್ನು ಯಾರೂ ಮುಟ್ಟಬಾರದು. ಮೊದಲು ಹೆಸರು ಹಿಡಿದು ಕರೆದು, ಹಾಸಿಗೆಯ ಬಳಿ ನೆಲವನ್ನು ಎರಡು ಸಲ ತಟ್ಟಿ, ಅದು ತಲೆಯೆತ್ತಿದ ಮೇಲೆ ಎದೆಯ ಕಡೆಯಿಂದ ಮುಟ್ಟಬೇಕು ಎಂದು ನಿಯಮವಾಯಿತು. ಹುಡುಗನಿಗೆ ಇದು ಆಟವೇ ಆಯಿತು. ಆಮೇಲೆ ಗುರುಗುಟ್ಟಿದ ಸುದ್ದಿಯಿಲ್ಲ. ಆದರೂ ಚಿಕ್ಕ ಮಕ್ಕಳನ್ನು ಅಂತಹ ನಾಯಿಯೊಡನೆ ಒಂಟಿಯಾಗಿ ಬಿಡುವುದು ಸಲ್ಲದು.

ಎರಡು ತಿಂಗಳ ತರುವಾಯ ತೂಕ 31.6 ಕಿಲೋಗೆ ಬಂದಿತ್ತು. ಹೆಚ್ಚಿನ ಬೆಳಗುಗಳಲ್ಲಿ ನಾಯಿಯು ಮೊದಲ ಯತ್ನಕ್ಕೇ ಏಳುತ್ತಿತ್ತು. ನೋಟ ಸುಧಾರಿಸಲಿಲ್ಲ, ಕೊಂಚ ಕುಗ್ಗಿಯೇ ಇತ್ತು. ಆದರೆ ಇರುಳಿನಲ್ಲಿ ಹಾಸುದಾರಿ ಹಿಡಿದು ಹಿತ್ತಿಲ ಬಾಗಿಲಿಗೆ ತಾನೇ ಹೋಗುತ್ತಿತ್ತು. ನಡುವೆ ಒಂದೇ ಒಂದು ಎಡವಟ್ಟು: ಹಬ್ಬದ ದಿನ ನೆಂಟರಿಗಾಗಿ ಮೇಜನ್ನು ಸರಿಸಿ ದಾರಿಗಡ್ಡವಾಗಿ ಇಟ್ಟುದರಿಂದ ನಾಯಿ ಹೆಗಲು ತಗುಲಿಸಿಕೊಂಡು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಕುರುಡು ನಾಯಿಯ ನೆನಪಿನಲ್ಲಿ ಮನೆಯ ಚಿತ್ರವಿರುವುದು. ಪೀಠೋಪಕರಣ ಸರಿಸಿದರೆ ಆ ಚಿತ್ರ ಸುಳ್ಳಾಗುವುದು. ಸರಿಸಲೇಬೇಕಾದರೆ ಹಗ್ಗ ಹಿಡಿದು ಹೊಸ ದಾರಿಯಲ್ಲಿ ಮೂರು ನಾಲ್ಕು ಸಲ ನಡೆಸಿಕೊಂಡು ಬರಬೇಕು.

ಬಿಡುಗಡೆಯ ಪ್ರಶ್ನೆಗೆ ನಮ್ಮ ಉತ್ತರವಿದು. ಸಂಧಿವಾತವು ಗುಣವಾಗದು, ತಗ್ಗುವುದಷ್ಟೆ. ಆದುದರಿಂದ ಆ ದಿನ ಎಂದಾದರೊಮ್ಮೆ ಬರಬಹುದು. ಅದನ್ನು ಹಿರಿಯರ ಬೇಸರದಿಂದಾಗಲಿ ನಮ್ಮ ಮೋಹದಿಂದಾಗಲಿ ಅಳೆಯಬಾರದು. ತಾನೇ ಏಳುವುದೆ, ಆಸೆಯಿಂದ ತಿನ್ನುವುದೆ, ಮನೆಯವರ ಬಳಿಗೆ ಬರುವುದೆ, ಇರುಳು ಮಲಗುವುದೆ ಎಂಬ ನಾಲ್ಕನ್ನು ಪ್ರತಿದಿನ ಅದೇ ನೋಟುಬುಕ್ಕಿನಲ್ಲಿ ಗುರುತಿಸುತ್ತ ಬನ್ನಿರಿ. ಔಷಧ, ನೆಲ, ತೂಕ ಎಲ್ಲವನ್ನೂ ಸರಿಪಡಿಸಿದ ಮೇಲೆಯೂ ವಾರದ ಏಳು ದಿನಗಳಲ್ಲಿ ನಾಲ್ಕೈದು ದಿನ ಇವುಗಳಲ್ಲಿ ಎರಡು ಇಲ್ಲವಾದರೆ, ಆಗ ಆ ಪುಟಗಳನ್ನು ವೈದ್ಯರ ಮುಂದಿಟ್ಟು ಮರೆಯಿಲ್ಲದೆ ಕೇಳಿರಿ. ಕುರುಡುತನ ಒಂದೇ ಆದರೆ ಅದು ಕಾರಣವೇ ಅಲ್ಲ. ಮೂಗೂ ಕಿವಿಯೂ ಪಾದವೂ ಇರುವ ನಾಯಿಗೆ ಕಣ್ಣಿಲ್ಲದ ಬಾಳು ಬಾಳೇ. ಚಂಪಾಳ ಪುಟಗಳಲ್ಲಿ ಈಗ ನಾಲ್ಕೂ ಗುರುತುಗಳು ಬೀಳುತ್ತಿರುವುವು.